ಗಿಜಿಗುಡುವ ಊರು ಬಿಟ್ಟು ಅಡ್ಡರಸ್ತೆ ಹಿಡಿದ ಲೆಕ್ಕ

ಮೊಬೈಲ್ ರಿಪೇರಿ ಅಂಗಡಿಗೆ ಎರಡು ಊರು ನೋಡಿದ್ದೆ. ಒಂದರಲ್ಲಿ ಬಸ್ ನಿಲ್ದಾಣದ ಎದುರಿನ ಮಳಿಗೆ, ಇನ್ನೊಂದರಲ್ಲಿ ಬ್ಯಾಂಕು, ಕ್ಲಿನಿಕ್ಕುಗಳಿರುವ ಅಡ್ಡರಸ್ತೆ. ನಿಲ್ದಾಣ ಬಿಟ್ಟಾಗ ನಕ್ಕವರು ಈಗ ಲೆಕ್ಕ ಕೇಳುತ್ತಿದ್ದಾರೆ.

ಮೊದಲ ಎಣಿಕೆಯೇ ದಾರಿ ತಪ್ಪಿಸಿತ್ತು. ಸಂಜೆ ಮಾತ್ರ ನಿಂತು ತಲೆ ಎಣಿಸಿದ್ದೆ: ನಿಲ್ದಾಣದೆದುರು 15 ನಿಮಿಷಕ್ಕೆ ಸುಮಾರು 160, ಅಡ್ಡರಸ್ತೆಯಲ್ಲಿ 70. ಆ ಅಂಕಿ ನಂಬಿ ಕೊಟ್ಟ ಟೋಕನ್ ಹಣ ವಾಪಸ್ ಬರಲಿಲ್ಲ. ಎರಡನೇ ಸಲ ದಿನಕ್ಕೆ ನಾಲ್ಕು ಹೊತ್ತು, ವಾರದ ನಡುವೆ ಎರಡು ದಿನ, ರಜೆಯ ಒಂದು ದಿನ ಎಣಿಸಿದೆ. ಈ ಸಲ ಎಣಿಸಿದ್ದು ನಡಿಗೆ ನಿಧಾನಿಸಿ ಅಂಗಡಿಗಳತ್ತ ನೋಡಿದವರನ್ನು ಮಾತ್ರ. ಅದೇ 15 ನಿಮಿಷಕ್ಕೆ ನಿಲ್ದಾಣದೆದುರು ಆರು, ಅಡ್ಡರಸ್ತೆಯಲ್ಲಿ ಒಂಬತ್ತು. ಬಸ್ಸಿಗೆ ಓಡುವವನು ಫೋನ್ ಬಿಟ್ಟು ಹೋಗುವುದಿಲ್ಲ. ಕ್ಲಿನಿಕ್ಕಿನಲ್ಲಿ ಸರದಿ ಕಾಯುವವನಿಗೆ ಹೇಗೂ ಅರ್ಧ ಗಂಟೆ ಕಳೆಯಬೇಕು. ಎಣಿಸುತ್ತಾ ಇನ್ನೊಂದೂ ಗೊತ್ತಾಯಿತು: ಮಧ್ಯಾಹ್ನ ಜನ ನೆರಳಿನ ಬದಿಗೆ ದಾಟುತ್ತಾರೆ. ಒಂದೇ ಬದಿ ಎಣಿಸಿದರೆ ಅರ್ಧ ಲೆಕ್ಕ.

ಬಾಡಿಗೆಯನ್ನು ಹಣದಲ್ಲಿ ಹೋಲಿಸಬೇಡಿ, ಕೆಲಸದಲ್ಲಿ ಹೋಲಿಸಿ. ಒಂದು ಡಿಸ್‌ಪ್ಲೇ ಬದಲಿಸಿದರೆ ಉಳಿಯುವ ಲಾಭವನ್ನು ಒಂದು ಕೆಲಸ ಎಂದಿಟ್ಟುಕೊಂಡೆ. ನಿಲ್ದಾಣದ ಮಳಿಗೆಯ ಬಾಡಿಗೆ ತಿಂಗಳಿಗೆ 60 ಕೆಲಸ, ಅಡ್ಡರಸ್ತೆಯದ್ದು 38. ಅಡ್ವಾನ್ಸ್ ಹತ್ತು ತಿಂಗಳದ್ದು ಮತ್ತು ಆರು ತಿಂಗಳದ್ದು. ಅದಕ್ಕೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ ಹಿಡಿದರೆ 66 ಮತ್ತು 40. ಇಪ್ಪತ್ತಾರು ದಿನ ಬಾಗಿಲು ತೆರೆದರೆ ದಿನದ ಮೊದಲ ಎರಡೂವರೆ ಕೆಲಸ ಅಲ್ಲಿ ಮಾಲೀಕನಿಗೆ, ಇಲ್ಲಿ ಒಂದೂವರೆ. ಹಳೇ ಬಾಡಿಗೆದಾರ ನಿಜಕ್ಕೂ ಎಷ್ಟು ಕೊಡುತ್ತಿದ್ದ ಎಂದು ಪತ್ತೆ ಮಾಡಿದ ಬಗೆ ಮಾತ್ರ ನನ್ನಲ್ಲೇ ಇರಲಿ.

ತೀರ್ಮಾನವಾಗಿದ್ದು ಬಿಡಿಭಾಗದಲ್ಲಿ. ಒಂದೇ ದಿನ ಎರಡೂ ಊರಿಗೆ ಅದೇ ಐದು ಸಾಮಾನು ಹೇಳಿ ತರಿಸಿ ನೋಡಿದೆ: ಮೂರು ಡಿಸ್‌ಪ್ಲೇ, ಒಂದು ಬ್ಯಾಟರಿ, ಒಂದು ಚಾರ್ಜಿಂಗ್ ಬೋರ್ಡ್. ನಿಲ್ದಾಣದ ಊರಿಗೆ ಮೂರನೇ ದಿನ ಬಂತು. ಇನ್ನೊಂದಕ್ಕೆ ಸಗಟು ಮಳಿಗೆ ಹತ್ತಿರ, ಎರಡು ಗಂಟೆಯಲ್ಲಿ ಕೈಗೆ ಸಿಕ್ಕಿತು. ಮೂರು ದಿನ ಕಾಯುವ ಊರಲ್ಲಿ ಒಂದೊಂದು ಮಾಡೆಲ್‌ಗೂ ಮೂರು ಡಿಸ್‌ಪ್ಲೇ ಇಟ್ಟಿರಬೇಕು, ಹತ್ತಿರದ ಊರಲ್ಲಿ ಒಂದು ಸಾಕು. ಮಾಡೆಲ್ ಹಳತಾದರೆ ಉಳಿದ ಮಾಲಿನ ಬೆಲೆ ಕುಸಿಯುತ್ತದೆ.

ದೋಷದ ಮಾಲಿನ ಕಥೆ ಇನ್ನೂ ಕಷ್ಟ. ನನ್ನ ಸರಬರಾಜುದಾರರು ಬದಲಿಸಿ ಕೊಡುತ್ತಿದ್ದುದು ಏಳು ದಿನದೊಳಗೆ, ಅದೂ ಮೇಲಿನ ಫಿಲ್ಮ್ ತೆಗೆಯದಿದ್ದರೆ. ಹೋಗಿಬರಲು ಆರು ದಿನವಾದರೆ ಪರೀಕ್ಷೆಗೆ ಉಳಿಯುವುದು ಒಂದೇ ದಿನ. ಫ್ರೇಮಿಗೆ ಅಂಟಿಸುವ ಮೊದಲು ಕನೆಕ್ಟರ್ ಮಾತ್ರ ಸಿಕ್ಕಿಸಿ, ಫಿಲ್ಮ್ ಮೇಲೆಯೇ ಬೆರಳು ಮೂಲೆಯಿಂದ ಮೂಲೆಗೆ ಎಳೆದು ನೋಡಿ. ಇಪ್ಪತ್ತರಲ್ಲಿ ಒಂದೆರಡರಲ್ಲಿ ಟಚ್ ಎಲ್ಲೋ ಒಂದು ಕಡೆ ಕಡಿದಿರುತ್ತದೆ.