ಸಿಟಿಸಿ 3,60,000, ಕೈಗೆ ಬರುವ ಪಗಾರ ಎಷ್ಟು?

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಂಪನಿಯೊಂದರಿಂದ ಆಫರ್ ಲೆಟರ್ ಬಂದಾಗ ನಾನು ಮೊದಲು ನೋಡಿದ್ದು ಸಿಟಿಸಿ 3,60,000 ಎಂಬ ಅಂಕಿ, ಅಂದರೆ ಕಂಪನಿ ವರ್ಷಕ್ಕೆ ನನ್ನ ಮೇಲೆ ಮಾಡುವ ಒಟ್ಟು ಖರ್ಚು. ಹನ್ನೆರಡರಿಂದ ಭಾಗಿಸಿ, ತಿಂಗಳಿಗೆ 30,000 ಅಂತ ಮನೆಯಲ್ಲಿ ಹೇಳಿಯೂ ಬಿಟ್ಟೆ. ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಪಗಾರದ ಲೆಕ್ಕ ಬರೆದ ನಮ್ಮ ಕಾಕಾ ಮಾತ್ರ, "ಯವ್ವಾ, ಕೈಗೆ ಎಷ್ಟ್ ಬರತೈತಿ ಅಂತ ಬರದಾರೇನು?" ಎಂದರು. ಎಲ್ಲಿಯೂ ಬರೆದಿರಲಿಲ್ಲ.

ಕೊನೆಯ ಪುಟದ ವೇತನ ವಿವರ ತೆಗೆದುಕೊಂಡು ಇಬ್ಬರೂ ಕುಳಿತೆವು. ಬೇಸಿಕ್ ತಿಂಗಳಿಗೆ 15,000. ಅದರ ಶೇ. 12ರಷ್ಟು, ಅಂದರೆ ಕಂಪನಿ ಕಟ್ಟುವ ಪಿಎಫ್ ವರ್ಷಕ್ಕೆ 21,600, ಸಿಟಿಸಿಯೊಳಗೇ ಸೇರಿತ್ತು. ಗ್ರಾಚ್ಯುಟಿ 8,658, ಕಾಯಂ ನೌಕರರಿಗೆ ಅದು ಸಾಮಾನ್ಯವಾಗಿ ಐದು ವರ್ಷ ದುಡಿದ ಮೇಲೆ ಸಿಗುವ ಹಣ. ವೇರಿಯೇಬಲ್ ಪೇ, ಅಂದರೆ ತಿಂಗಳ ಪಗಾರದಲ್ಲಿ ಖಾತ್ರಿಯಾಗಿ ಬಾರದ ಹಣ, 36,000. ಇಷ್ಟನ್ನೂ ಕಳೆದರೆ ತಿಂಗಳಿಗೆ 24,478 ಉಳಿಯಿತು. ನನ್ನ ಪಾಲಿನ ಪಿಎಫ್ 1,800 ಹಿಡಿದರೆ ಕೈಗೆ 22,678. ಪಿಎಫ್ ನನ್ನ ಹೆಸರಿನಲ್ಲೇ ಇರುತ್ತದೆ ನಿಜ, ಆದರೆ ತಿಂಗಳ ಬಾಡಿಗೆಗೆ ಅದು ಒದಗುವುದಿಲ್ಲ.

ವೇರಿಯೇಬಲ್ ಪೇ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಕಾಯಂ ಆದ ನೌಕರರಿಗೆ ಮಾತ್ರ" ಎಂದಿತ್ತು. ಪ್ರೊಬೇಷನ್ ಕಲಂ ಓದಿದಾಗಲೇ ಅದರ ಅರ್ಥ ಪೂರ್ತಿ ತಿಳಿದದ್ದು. ಅವಧಿ ಆರು ತಿಂಗಳು, ಆದರೆ ಕಾಯಂ ಮಾಡಿದ್ದೇವೆ ಎಂಬ ಲಿಖಿತ ಪತ್ರ ಕೊಡುವವರೆಗೂ ಪ್ರೊಬೇಷನ್ ಮುಂದುವರಿಯುತ್ತದೆ. ಪತ್ರ ಯಾವಾಗ ಕೊಡುತ್ತಾರೆ ಎಂಬುದಕ್ಕೆ ಗಡುವಿಲ್ಲ. ಪತ್ರ ತಡವಾದರೆ ಆ 36,000 ಕೂಡ ಅಷ್ಟೇ ದೂರ.

ನೋಟಿಸ್ ಅವಧಿಯಲ್ಲಿ ಇನ್ನೊಂದು ತೊಡಕು. ನಾನು ಬಿಡುವುದಾದರೆ 90 ದಿನ, ಕಂಪನಿ ಬಿಡಿಸುವುದಾದರೆ 30 ದಿನ. ಪ್ರೊಬೇಷನ್‌ನಲ್ಲಿ ಎಷ್ಟು ಎಂದು ಬೇರೆಯಾಗಿ ಹೇಳಿರಲಿಲ್ಲ, ಹಾಗಾಗಿ ಎರಡನೇ ತಿಂಗಳಲ್ಲಿ ಬಿಟ್ಟರೂ ನನಗೆ 90 ಎಂದು ಅವರು ಹೇಳಬಹುದಿತ್ತು. ನೋಟಿಸ್‌ನಲ್ಲಿ ಕಡಿಮೆ ಬಿದ್ದ ದಿನಗಳಿಗೆ ನಾನು ಕಟ್ಟಬೇಕಾದ ಹಣ ಬೇಸಿಕ್ ಲೆಕ್ಕವೋ ಒಟ್ಟು ಪಗಾರದ ಲೆಕ್ಕವೋ, ಅದೂ ಇಲ್ಲ. 60 ದಿನ ಬಾಕಿ ಉಳಿದರೆ ಬೇಸಿಕ್‌ನಲ್ಲಿ 30,000, ಒಟ್ಟು ಪಗಾರದಲ್ಲಿ 48,956.

ಫೋನ್ ಮಾಡಿದೆ. ಎಚ್‌ಆರ್‌ನವರು, "ಅದೆಲ್ಲಾ ಫಾರ್ಮಾಲಿಟಿ ರೀ, ಚಿಂತಿ ಮಾಡಬ್ಯಾಡ್ರಿ" ಎಂದರು. ಸಭ್ಯವಾಗಿಯೇ ಮಾತಾಡಿದರು, ಆದರೆ ಪತ್ರ ಹಾಗೇ ಉಳಿದಿತ್ತು. ಅದೇ ಸಂಜೆ ಮೇಲ್ ಬರೆದೆ: ತಿಂಗಳಿಗೆ ಕೈಗೆ ಬರುವ ಮೊತ್ತ ಎಷ್ಟು, ಪ್ರೊಬೇಷನ್‌ನಲ್ಲಿ ನೋಟಿಸ್ ಎಷ್ಟು ದಿನ, ಬಾಕಿ ದಿನಗಳಿಗೆ ಯಾವ ಪಗಾರದ ಲೆಕ್ಕ, ಆರು ತಿಂಗಳಾದ ಮೇಲೆ ಕಾಯಂ ಪತ್ರ ಎಷ್ಟು ದಿನದಲ್ಲಿ ಸಿಗುತ್ತದೆ?

ನಾಲ್ಕು ದಿನಕ್ಕೆ ತಿದ್ದಿದ ಪತ್ರ ಬಂತು. ಪ್ರೊಬೇಷನ್‌ನಲ್ಲಿ ಎರಡೂ ಕಡೆಗೆ 30 ದಿನ, ಬಾಕಿಗೆ ಬೇಸಿಕ್ ಲೆಕ್ಕ. ಪ್ರೊಬೇಷನ್ ಮುಂದುವರಿಸುವುದಾದರೆ ಆರು ತಿಂಗಳು ತುಂಬುವ ಮೊದಲೇ ಕಾರಣ ಬರೆದು ತಿಳಿಸುತ್ತಾರೆ, ಅದೂ ಮೂರು ತಿಂಗಳಿಗಿಂತ ಹೆಚ್ಚಿಲ್ಲ. ಕಾಯಂ ಆದ ಮೇಲಿನ 90 ದಿನವನ್ನೂ, ವೇರಿಯೇಬಲ್ ಪೇ ಷರತ್ತನ್ನೂ ಅವರು ಬದಲಿಸಲಿಲ್ಲ. 22,678ಕ್ಕೆ ಖರ್ಚು ಹೊಂದಿಸಿಕೊಂಡು ನಾನು ಸಹಿ ಹಾಕಿದೆ. ಆ ಮೇಲ್ ಮತ್ತು ಎರಡೂ ಪತ್ರಗಳನ್ನು ಕಾಕಾ ಫೈಲಿಗೆ ಹಾಕಿಟ್ಟಿದ್ದಾರೆ.