ಜರಡಿಯಲ್ಲಿ ಉಳಿದದ್ದೆಲ್ಲ ಗಟ್ಟಿ ಮಣ್ಣಲ್ಲ

ಸೋಯಾ ಬಿತ್ತಿದ ಮೂರನೆಯ ದಿನ ರಭಸದ ಮಳೆ, ಮರುದಿನ ಬಿರುಬಿಸಿಲು. ಮುಂದಿನದು ಬೀದರ್‌ನ ಕೆಂಪು ಹೊಲದವರಿಗೆ ಗೊತ್ತೇ ಇದೆ. ಮೇಲ್ಮಣ್ಣು ಹಪ್ಪಳದಂತೆ ಒಣಗುತ್ತದೆ. ಕತ್ತು ಬಾಗಿಸಿ ಮೇಲೇಳುವ ಮೊಳಕೆ ಅದರಡಿಯಲ್ಲೇ ಮುರಿಯುತ್ತದೆ. ಮಣ್ಣಿನ ಕಣಗುಚ್ಛಗಳು ನೀರಿಗೆ ಒಡೆದು, ನಯವಾದ ಕಣಗಳು ಸಂದುಗಳನ್ನು ಮುಚ್ಚುವುದರಿಂದ ಹೀಗಾಗುತ್ತದೆ. ಇಳಿಜಾರಿನಲ್ಲಾದರೆ ಇಂಗದ ನೀರು ಆ ಕಣಗಳನ್ನೇ ಹೊತ್ತು ಹರಿಯುತ್ತದೆ. ಗುಚ್ಛ ಎಷ್ಟು ಗಟ್ಟಿ ಎಂಬುದನ್ನು ನೀರಿನಲ್ಲಿ ಜರಡಿಯಾಡಿಸಿ ಅಳೆಯಬಹುದು.

ಮೇಲಿನ ಎರಡು ಇಂಚಿನ ಮಣ್ಣನ್ನು ಸ್ವಲ್ಪ ಹಸಿ ಇರುವಾಗಲೇ ತೆಗೆದು, ಹೆಂಟೆಗಳನ್ನು ಕೈಯಲ್ಲಿ ಮೆಲ್ಲನೆ ಬಿಡಿಸಿ, ನೆರಳಿನಲ್ಲಿ ಒಣಗಿಸಿ. ಕುಟ್ಟಬೇಡಿ, ಕುಟ್ಟಿದರೆ ಅಳೆಯಬೇಕಾದದ್ದೇ ಹಾಳಾಗುತ್ತದೆ. 2 ಮಿ.ಮೀ. ಜರಡಿಯಲ್ಲಿ ಇಳಿದು 1 ಮಿ.ಮೀ. ಜರಡಿಯ ಮೇಲೆ ನಿಂತ ಮಣ್ಣಿನಲ್ಲಿ 4 ಗ್ರಾಂ ತೂಗಿ, 0.25 ಮಿ.ಮೀ. ಜರಡಿಗೆ ಹಾಕಿ.

ಈಗ ಒಣ ಮಣ್ಣನ್ನು ನೇರವಾಗಿ ನೀರಿಗಿಳಿಸಿ. ಒಳಗೆ ಸಿಕ್ಕ ಗಾಳಿ ಗುಳ್ಳೆಯಾಗಿ ಹೊರನುಗ್ಗುವಾಗ ದುರ್ಬಲ ಗುಚ್ಛಗಳು ಕಣ್ಣೆದುರೇ ಬಿರಿಯುತ್ತವೆ. ಮೂರು ನಿಮಿಷ, ನಿಮಿಷಕ್ಕೆ 35 ಸಲದಂತೆ, ಒಂದೂಕಾಲು ಸೆಂ.ಮೀ.ಯಷ್ಟು ಮೇಲೆ ಕೆಳಗೆ ಆಡಿಸಿ. ಉಳಿದದ್ದನ್ನು 105 ಡಿಗ್ರಿಯಲ್ಲಿ ಒಣಗಿಸಿ ತೂಗಿ.

ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಬೀದರ್‌ನ ಜಂಬಿಟ್ಟಿಗೆ ನೆಲದಲ್ಲಿ ಅದು ದೊಡ್ಡ ತಪ್ಪು. ಈ ಮಣ್ಣಿನಲ್ಲಿ ಕಬ್ಬಿಣಾಂಶದ ಗರಸು ಸಾಕಷ್ಟಿರುತ್ತದೆ. ಅದು ಎಂದೂ ಕರಗದು, ಮಣ್ಣನ್ನು ಹಿಡಿದಿಡುವುದೂ ಇಲ್ಲ, ಆದರೂ ಜರಡಿಯಲ್ಲಿ ಗಟ್ಟಿ ಗುಚ್ಛದ ವೇಷದಲ್ಲಿ ಕುಳಿತಿರುತ್ತದೆ. ಆದ್ದರಿಂದ ಉಳಿದದ್ದನ್ನು, ಗುಚ್ಛಗಳನ್ನು ಬಿಡಿಸುವ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ದ್ರಾವಣದಲ್ಲಿ (ಲೀಟರಿಗೆ 2 ಗ್ರಾಂ) ನೆನೆಸಿ, ಬೆರಳಿನಿಂದ ಉಜ್ಜಿ, ಅದೇ ಜರಡಿಯಲ್ಲಿ ತೊಳೆಯಿರಿ. ಈಗ ನಿಂತದ್ದು ಬರೀ ಮರಳು, ಗರಸು. ಅದನ್ನೂ ಒಣಗಿಸಿ ತೂಗಿ, ಮೊದಲ 4 ಗ್ರಾಂ ಮತ್ತು ಜರಡಿಯಲ್ಲಿ ಉಳಿದ ತೂಕ ಎರಡರಿಂದಲೂ ಕಳೆಯಬೇಕು.

ಒಂದು ಲೆಕ್ಕ ನೋಡೋಣ. 4 ಗ್ರಾಂನಲ್ಲಿ ಮೊದಲು ಉಳಿದದ್ದು 2.6 ಗ್ರಾಂ, ಅಂದರೆ ಶೇ 65. ಭೇಷ್ ಎನ್ನಿಸುತ್ತದೆ. ಅದರಲ್ಲಿ ಗರಸು 1.8 ಗ್ರಾಂ ಇದ್ದರೆ ನಿಜವಾದ ಗುಚ್ಛ 0.8 ಗ್ರಾಂ, ನಿಜವಾದ ಮಣ್ಣು 2.2 ಗ್ರಾಂ. ಸ್ಥಿರತೆ ಶೇ 36ಕ್ಕೆ ಕುಸಿಯಿತು. (ಒಣ ಮಣ್ಣಿನಲ್ಲೂ ಕೊಂಚ ತೇವ ಇರುತ್ತದೆ, ನಿಖರತೆ ಬೇಕಾದವರು ಮೊದಲ 4 ಗ್ರಾಂನಿಂದ ಅದನ್ನೂ ಕಳೆಯಲಿ.)

ಒಂದೇ ಮಾದರಿ ನಂಬಬೇಡಿ, ಮೂರು ಸಲ ಮಾಡಿ. ಎಲ್ಲ ಹೊಲಕ್ಕೂ ಸಲ್ಲುವ ಗಡಿ ಸಂಖ್ಯೆ ಇಲ್ಲ. ಬದುವಿನ ಹುಲ್ಲಿನಡಿಯ ಅದೇ ಬಗೆಯ ಮಣ್ಣನ್ನು ಜೊತೆಗಿಟ್ಟು ಹೋಲಿಸುವುದು ಉತ್ತಮ. ಅಲ್ಲಿ ಶೇ 60 ಬಂದು ಉತ್ತ ಹೊಲದಲ್ಲಿ 36 ಬಂದರೆ, ನಡುವಿನ ಅಂತರವನ್ನು ಉಳುಮೆಯೂ ಗೊಬ್ಬರದ ಕೊರತೆಯೂ ತಿಂದಿರಬಹುದು.

ಇನ್ನೊಂದು ಮಾದರಿಗೆ ಮೊದಲು ತುಂತುರು ಸಿಂಪಡಿಸಿ, ನಿಧಾನವಾಗಿ ನೆನೆದ ಮೇಲೆ ಜರಡಿಯಾಡಿಸಿ. ಆಗ ಗುಚ್ಛ ಉಳಿದರೆ ತೊಂದರೆ ಹಠಾತ್ ನೆನೆಯುವುದರದ್ದು; ಕೂಳೆ, ಎಲೆಕಸದ ಹೊದಿಕೆಯಿಂದ ಮಳೆಯ ಪೆಟ್ಟು ತಗ್ಗುತ್ತದೆ. ಆಗಲೂ ಒಡೆದು, ನೀರು ಗಂಟೆಗಟ್ಟಲೆ ಕದಡಿಕೊಂಡೇ ಇದ್ದರೆ ಸೋಡಿಯಂ ಹೆಚ್ಚಿರಬಹುದು. ಜಿಪ್ಸಂ ತರುವ ಮುನ್ನ ಮಣ್ಣನ್ನು ಪ್ರಯೋಗಾಲಯಕ್ಕೆ ಕೊಡಿ.