“ರದ್ದು ಮಾಡಬೇಕಿದೆ” ಅಂತ ಬರೆದೆ, ಯಾರೂ ಮಾಡಲಿಲ್ಲ

ಒಂದು ಶುಕ್ರವಾರ ಸಂಜೆ 7:40ಕ್ಕೆ ನಾನು ಕಳಿಸಿದ ಮೇಲ್ ಹೀಗಿತ್ತು: “ಎ ರಾಂಗ್ ಪ್ರೈಸ್ ಲಿಸ್ಟ್ ವಾಸ್ ಅಪ್‌ಲೋಡೆಡ್ ಟುಡೇ. ಇಟ್ ಹ್ಯಾಸ್ ಬೀನ್ ಕರೆಕ್ಟೆಡ್. ದ ಅಫೆಕ್ಟೆಡ್ ಇನ್‌ವಾಯ್ಸಸ್ ನೀಡ್ ಟು ಬಿ ಕ್ಯಾನ್ಸಲ್ಡ್.” ತಪ್ಪು ದರಪಟ್ಟಿ ಅಪ್‌ಲೋಡ್ ಆಗಿತ್ತು, ಸರಿಪಡಿಸಲಾಗಿದೆ, ಬಿಲ್ಲುಗಳನ್ನು ರದ್ದು ಮಾಡಬೇಕಿದೆ. ವ್ಯಾಕರಣದಲ್ಲಿ ದೋಷವಿಲ್ಲ, ಧಾಟಿಯೂ ಮರ್ಯಾದೆಯದ್ದೇ. ಸಿಸಿಯಲ್ಲಿ ಆರು ಜನ ಇದ್ದರು. ಆ ಮೂರು ವಾಕ್ಯಗಳ ಒಳಗೆ ಮಾತ್ರ ಒಬ್ಬರೂ ಇರಲಿಲ್ಲ.

ನಾನಿರುವುದು ಜಯನಗರದ ಒಂದು ಸಣ್ಣ ಬಿಲ್ಲಿಂಗ್ ಸಾಫ್ಟ್‌ವೇರ್ ಕಂಪನಿಯಲ್ಲಿ. ಗಿರಾಕಿಯ ಡೇಟಾದಲ್ಲಿ ಏನೇ ಬದಲಾವಣೆ ಆಗಬೇಕಿದ್ದರೂ ನನ್ನ ಒಪ್ಪಿಗೆ ಬೇಕು. ಈ ಗಿರಾಕಿ ಪೀಣ್ಯದವರು, ಬೇರಿಂಗು, ಬೆಲ್ಟುಗಳ ಸಗಟು ವ್ಯಾಪಾರ. ಅವತ್ತು ಬೆಳಿಗ್ಗೆ ಹೊಸ ದರಪಟ್ಟಿ ಹಾಕಬೇಕಿತ್ತು. ಅವರ ಅಕೌಂಟ್ಸ್ ನೋಡಿಕೊಳ್ಳುವ ಹಿರಿಯರು `Pricelist_final.xlsx` ಎಂಬ ಫೈಲ್ ಕಳಿಸಿದರು. ಅದು ಹಿಂದಿನ ವರ್ಷದ್ದು. ಹೊಸದು `Pricelist_final2.xlsx` ಅವರ ಕಂಪ್ಯೂಟರಿನಲ್ಲೇ ಉಳಿದಿತ್ತು. ನಮ್ಮಲ್ಲಿ ಸೇರಿ ನಾಲ್ಕು ತಿಂಗಳಾಗಿದ್ದ ಹುಡುಗಿ ಅದನ್ನು ಅಪ್‌ಲೋಡ್ ಮಾಡಿದಳು. ನಾನು ಫೈಲ್ ತೆರೆಯದೆ ‘ಅಪ್ರೂವ್ಡ್’ ಒತ್ತಿದೆ. ಸಂಜೆ ಆರೂವರೆಗೆ ಗೊತ್ತಾಗುವ ಹೊತ್ತಿಗೆ ಹಳೆಯ, ಕಡಿಮೆ ದರದಲ್ಲಿ 37 ಬಿಲ್ ಆಗಿಹೋಗಿದ್ದವು.

ಇಲ್ಲಿ ಜಿಎಸ್‌ಟಿಯ ಒಂದು ನಿಯಮ ಹೇಳಬೇಕು. ಇ-ಇನ್‌ವಾಯ್ಸ್ ಪೋರ್ಟಲಿನಲ್ಲಿ ಒಂದು ಬಿಲ್ಲನ್ನು ನೋಂದಾಯಿಸಿ ಅದಕ್ಕೆ ಐಆರ್‌ಎನ್ ಅನ್ನುವ ಗುರುತಿನ ಸಂಖ್ಯೆ ಬಂದ ಮೇಲೆ ಅದನ್ನು ತಿದ್ದಲು ಬರುವುದಿಲ್ಲ. ರದ್ದು ಮಾಡಬಹುದು, ಅದೂ 24 ಗಂಟೆಯ ಒಳಗೆ. ಅದು ದಾಟಿದರೆ, ಕಡಿಮೆ ಹಾಕಿದ ಮೊತ್ತಕ್ಕೆ ಕೊಂಡವರ ಹೆಸರಿಗೆ ಡೆಬಿಟ್ ನೋಟ್ ಕೊಡಬೇಕು. ಅಂದರೆ ‘ಮೊನ್ನೆ ಕೇಳಿದ್ದಕ್ಕಿಂತ ಇಷ್ಟು ಜಾಸ್ತಿ ಕೊಡಿ’ ಅಂತ ಕೇಳುವ ಕಾಗದ. 14 ಬಿಲ್ಲುಗಳ ಸರಕು ಆಗಲೇ ಲಾರಿ ಹತ್ತಿ ಹೋಗಿತ್ತು, ಅವಕ್ಕೆ ಹೇಗಿದ್ದರೂ ಡೆಬಿಟ್ ನೋಟೇ ಗತಿ. ಮಿಕ್ಕ 23ರ ಸರಕು ಇನ್ನೂ ಗೋಡೌನಿನಲ್ಲಿತ್ತು. ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಒಬ್ಬರು ಪೋರ್ಟಲಿಗೆ ಲಾಗಿನ್ ಆಗಿ ಕೂತಿದ್ದರೆ ಅಷ್ಟೂ ಬಗೆಹರಿಯುತ್ತಿತ್ತು.

ಯಾರೂ ಕೂರಲಿಲ್ಲ. ಸೋಮವಾರ ಬೆಳಿಗ್ಗೆ ಪೀಣ್ಯದಿಂದ ಫೋನ್ ಬಂತು. “ಮೇಡಂ, ಕ್ಯಾನ್ಸಲ್ ಮಾಡ್ಬೇಕು ಅಂತ ಬರ್ದಿದ್ರಲ್ಲ, ನೀವೇ ಮಾಡ್ತೀರ ಅಂದ್ಕೊಂಡ್ವಿ.” ನಮ್ಮ ಹುಡುಗಿಯನ್ನು ಕೇಳಿದೆ. ಪೋರ್ಟಲಿನ ಪಾಸ್‌ವರ್ಡ್ ಅವರ ಹತ್ತಿರ ಇರೋದು, ಅವರೇ ಮಾಡ್ತಾರೆ ಅಂದುಕೊಂಡೆ ಅಂದಳು. ಇಬ್ಬರೂ ನನ್ನ ವಾಕ್ಯವನ್ನು ಸರಿಯಾಗಿಯೇ ಓದಿದ್ದರು. ‘ನೀಡ್ ಟು ಬಿ ಕ್ಯಾನ್ಸಲ್ಡ್’ನಲ್ಲಿ ಕೆಲಸ ಇತ್ತು, ಕೆಲಸದವರು ಇರಲಿಲ್ಲ.

ಆ ವಾಕ್ಯಗಳನ್ನು ನಾನು ಯಾಕೆ ಹಾಗೆ ಬರೆದೆ? ಇಂಗ್ಲಿಷಿನ ಪ್ಯಾಸಿವ್ ವಾಯ್ಸನ್ನು ಬೈದರೆ ಸುಲಭವಾಗಿ ಮುಗಿಯುತ್ತದೆ, ಆದರೆ ಪೂರ್ತಿ ನಿಜ ಅದಲ್ಲ. ಕನ್ನಡದಲ್ಲಿ ಅದನ್ನೇ ಕರ್ಮಣಿ ಪ್ರಯೋಗ ಅಂತ ಶಾಲೆಯಲ್ಲಿ ಕಲಿತದ್ದು ‘ರಾಮನಿಂದ ರಾವಣನು ಕೊಲ್ಲಲ್ಪಟ್ಟನು’. ಹಾಗೆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ನಮಗೆ ಅದರ ಅಗತ್ಯವೂ ಇಲ್ಲ, ಬೇರೆ ದಾರಿಗಳು ಬೇಕಾದಷ್ಟಿವೆ. ಲೋಟ ಬಿತ್ತು. ಹಾಲು ಉಕ್ಕಿತು. ಇದ್ಯಾವುದೂ ಕರ್ಮಣಿ ಅಲ್ಲ, ಆದರೂ ಕೈಜಾರಿಸಿದವರು, ಒಲೆ ಬಿಟ್ಟು ಹೋದವರು ಅಲ್ಲಿಲ್ಲ. ಸರ್ಕಾರಿ ಸುತ್ತೋಲೆಯ ‘ಸೂಚಿಸಲಾಗಿದೆ’, ‘ಕ್ರಮ ಕೈಗೊಳ್ಳಲಾಗುವುದು’ ಓದಿ ಬೆಳೆದವರಿಗಂತೂ ಆಫೀಸಿನ ಭಾಷೆ ಅಂದರೆ ಇದೇ. ಇಂಗ್ಲಿಷಿಗೆ ಬಂದಾಗ ಕೈ ತಾನಾಗಿ ಅತ್ತ ಹೋಗುತ್ತದೆ.

ಹಿಂದೊಂದು ಆಫೀಸಿನಲ್ಲಿ ನನ್ನ ಮ್ಯಾನೇಜರಿಗೆ ಪ್ಯಾಸಿವ್ ಕಂಡರೆ ಆಗುತ್ತಿರಲಿಲ್ಲ. ವರ್ಡ್‌ನಲ್ಲಿ ಅದನ್ನು ಹಿಡಿದು ಗೆರೆ ಎಳೆಯುವ ಸೆಟ್ಟಿಂಗ್ ಇದೆಯಲ್ಲ, ಅದನ್ನು ಎಲ್ಲರಿಗೂ ಹಾಕಿಸಿದ್ದರು. ಗೆರೆ ಬಂದರೆ ಮೇಲ್ ಕಳಿಸುವಂತಿಲ್ಲ. ನಾವು ಎರಡೇ ದಿನದಲ್ಲಿ ದಾರಿ ಕಂಡುಕೊಂಡೆವು. ‘ಮಿಸ್ಟೇಕ್ಸ್ ವರ್ ಮೇಡ್’ ಹೋಗಿ ‘ಆನ್ ಎರರ್ ಅಕರ್ಡ್’ ಬಂತು. ಅದು ಅಪ್ಪಟ ಆಕ್ಟಿವ್, ಗೆರೆ ಬೀಳುವುದಿಲ್ಲ, ಆದರೆ ಮೊದಲನೆಯದಕ್ಕಿಂತ ಒಂದು ಕೈ ಮೇಲು. ಮೊದಲನೆಯದಕ್ಕೆ ‘ಬೈ ಹೂಮ್’ ಅಂತಾದರೂ ಕೇಳಬಹುದು. ಎರಡನೆಯದರಲ್ಲಿ ಎರರ್ ತಾನೇ ಎದ್ದು ನಡೆದು ಬಂದಿದೆ, ನಮ್ಮ ಪತ್ರಿಕೆಗಳ ತಿದ್ದುಪಡಿಯಲ್ಲಿ ‘ತಪ್ಪು ನುಸುಳಿದೆ’ ಅನ್ನುವ ಹಾಗೆ. ತಪ್ಪೇನು, ಬೆಕ್ಕೇ? ‘ಮಿಸ್ಟೇಕ್ಸ್ ವರ್ ಮೇಡ್’ ತುಂಬ ಹೆಸರಾದದ್ದು 1987ರಲ್ಲಿ. ಇರಾನ್‌ಗೆ ಶಸ್ತ್ರ ಮಾರಿದ ಹಗರಣದ ಬಗ್ಗೆ ಅಮೆರಿಕದ ಅಧ್ಯಕ್ಷ ರೇಗನ್ ತಮ್ಮ ವಾರ್ಷಿಕ ಭಾಷಣದಲ್ಲಿ ‘ಗಂಭೀರ ತಪ್ಪುಗಳಾದವು’ ಅಂದಾಗ. ಇಂಥ ಮಾತು ಕೇಳಿದಾಗಲೆಲ್ಲ ಜನ ಪ್ಯಾಸಿವನ್ನೇ ಕಳ್ಳ ಅನ್ನುತ್ತಾರೆ. ನನ್ನ ಅನುಭವದಲ್ಲಿ ವಾಕ್ಯದ ಆಕಾರ ನೋಡಿ ಕಳ್ಳನನ್ನು ಹಿಡಿಯಲು ಆಗುವುದಿಲ್ಲ. ಪ್ರತಿ ವಾಕ್ಯದ ಕೊನೆಗೆ ‘ಯಾರು?’ ಅಂತ ಕೇಳಿ, ಉತ್ತರ ಗೊತ್ತಿದ್ದೂ ಬರೆಯದೆ ಬಿಟ್ಟಿದ್ದೇನೆಯೇ, ಬಿಟ್ಟದ್ದು ಯಾರನ್ನು ಉಳಿಸಲು ಅಂತ ನೋಡಿಕೊಳ್ಳಬೇಕು.

ಸೋಮವಾರ ಮಧ್ಯಾಹ್ನ ಶುಕ್ರವಾರದ ಮೇಲ್ ಮುಂದಿಟ್ಟುಕೊಂಡು ಹಾಗೇ ಕೇಳಿಕೊಂಡೆ. ತಪ್ಪು ಪಟ್ಟಿ ಕಳಿಸಿದ್ದು ಯಾರು? ಪೀಣ್ಯದ ಹಿರಿಯರು. ಇದನ್ನು ಆಕ್ಟಿವ್‌ನಲ್ಲಿ ಬರೆದರೆ, ‘ನಿಮ್ಮ ಅಕೌಂಟ್ಸ್‌ನವರು ಹಳೆಯ ಪಟ್ಟಿ ಕಳಿಸಿದರು’. ನಿಜ. ಆದರೆ ಸಿಸಿಯಲ್ಲಿ ಅವರ ಯಜಮಾನರಿದ್ದಾರೆ. 60 ದಾಟಿದ ಮನುಷ್ಯನನ್ನು ಅವರ ಕಚೇರಿಯವರ ಮುಂದೆ ನಿಲ್ಲಿಸಿದಂತೆ ಆಗುತ್ತದೆ, ಅದರಿಂದ ಒಂದು ಬಿಲ್ಲೂ ಸರಿಹೋಗುವುದಿಲ್ಲ. ಇಲ್ಲಿ ಕರ್ತೃವನ್ನು ಬಿಡುವುದು ನ್ಯಾಯ. ಬಿಡಲು ಪ್ಯಾಸಿವೇ ಬೇಕೆಂದಿಲ್ಲ: ‘ನಮಗೆ ಬಂದ ಫೈಲಿನಲ್ಲಿ ಹಿಂದಿನ ವರ್ಷದ ದರಗಳಿದ್ದವು’ ಅಂದರೆ ವಿಷಯ ಪೂರ್ತಿ ಇದೆ, ಬೆರಳು ಯಾರತ್ತಲೂ ಇಲ್ಲ.

ಅಪ್‌ಲೋಡ್ ಮಾಡಿದ್ದು ಯಾರು? ನಮ್ಮ ಹುಡುಗಿ. ಅವಳಿಗೆ ಕೊಟ್ಟ ಫೈಲನ್ನು ಹೇಳಿದ ಜಾಗದಲ್ಲಿ ಹಾಕಿದಳು. ಗಿರಾಕಿಗೆ ಅವಳ ಹೆಸರು ಬೇಡ, ‘ನಾವು ಹಾಕಿದೆವು’ ಸಾಕು. ಒಪ್ಪಿಗೆ ಕೊಟ್ಟದ್ದು ಯಾರು? ಇಲ್ಲಿ ನನ್ನ ಬಣ್ಣ ಬಯಲಾಯಿತು. ಶುಕ್ರವಾರದ ‘ವಾಸ್ ಅಪ್‌ಲೋಡೆಡ್’ ಹಿರಿಯರನ್ನೂ ಹುಡುಗಿಯನ್ನೂ ಕಾಪಾಡುತ್ತಿದೆ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅದರ ನೆರಳಲ್ಲಿ ಆರಾಮಾಗಿ ನಿಂತಿದ್ದವಳು ನಾನು. ಒಪ್ಪಿಗೆಯ ಮಾತೇ ಆ ಮೇಲ್‌ನಲ್ಲಿ ಇರಲಿಲ್ಲ. ‘ನಾವು’ ಅಂದರೂ ಇಲ್ಲಿ ನಡೆಯುವುದಿಲ್ಲ. ಹುಡುಗಿಯನ್ನು ಮರೆಯಲ್ಲಿಡುವ ‘ನಾವು’ ಸರಿ, ಅವಳನ್ನೂ ಜೊತೆಗೆ ಎಳೆದುಕೊಂಡು ನನ್ನ ಪಾಲು ಅರ್ಧ ಮಾಡಿಕೊಳ್ಳುವ ‘ನಾವು’ ಸರಿಯಲ್ಲ.

ಎರಡನೇ ಮೇಲನ್ನು ಕನ್ನಡದಲ್ಲೇ ಬರೆದೆ. ಆ ಕಚೇರಿಯವರೆಲ್ಲ ಕನ್ನಡದವರೇ, ಇಷ್ಟು ದಿನ ಇಂಗ್ಲಿಷಿನಲ್ಲಿ ಯಾಕೆ ಬರೆಯುತ್ತಿದ್ದೆವೋ. ಒಪ್ಪಿಗೆಯ ವಾಕ್ಯ ಒಂದಕ್ಕೇ ಕಾಲು ಗಂಟೆ ಹಿಡಿಯಿತು. ಮೊದಲು ‘ಪರಿಶೀಲನೆಯಲ್ಲಿ ತಪ್ಪಾಗಿದೆ’ ಅಂತ ಬಂತು, ಅಳಿಸಿದೆ. ಆಮೇಲೆ ‘ನನ್ನಿಂದ ತಪ್ಪಾಯಿತು’. ಇದು ಕನ್ನಡದ ಒಳ್ಳೆಯ ಮಾತು. ಕರ್ತೃ ಅಲ್ಲೇ ಇದೆ, ಬೇಕೆಂದು ಮಾಡಿದ್ದಲ್ಲ ಅನ್ನುವುದೂ ಇದೆ. ‘ಬೈ ಮೀ’ ಅಂದರೆ ಈ ರುಚಿ ಬರುವುದಿಲ್ಲ. ಎದುರಿಗೆ ಕೂತು ಹೇಳುವಾಗ ಅದೇ ಸಾಕು. ಬರಹದಲ್ಲಿ ಒಂದು ಕೊರತೆ ಕಂಡಿತು: ಯಾವ ತಪ್ಪು ಅಂತ ಅದು ಹೇಳುವುದಿಲ್ಲ. ಓದಿದವರು ಮುಂದಿನ ಸಲಕ್ಕೆ ಏನು ಬದಲಾಗುತ್ತದೆ ಅಂತ ತಿಳಿಯಬೇಕಲ್ಲ. ಕೊನೆಗೆ ಹೋದದ್ದು ಹೀಗೆ:

“ಶುಕ್ರವಾರ ನಮಗೆ ಬಂದ ಫೈಲಿನಲ್ಲಿ ಹಿಂದಿನ ವರ್ಷದ ದರಗಳಿದ್ದವು. ಅದನ್ನು ನಾವು ಹಾಗೆಯೇ ಹಾಕಿದೆವು. ಹಾಕುವ ಮೊದಲು ತೆರೆದು ನೋಡುವುದು ನನ್ನ ಕೆಲಸ, ನಾನು ನೋಡದೆ ಒಪ್ಪಿಗೆ ಕೊಟ್ಟೆ. ಬಿಲ್ ರದ್ದು ಮಾಡುವವರು ಯಾರು ಎಂದೂ ನಾನು ಬರೆಯಲಿಲ್ಲ, ಹಾಗಾಗಿ 24 ಗಂಟೆ ದಾಟಿತು. 37 ಬಿಲ್ಲುಗಳಲ್ಲಿ ಪ್ರತಿಯೊಂದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬ ಪಟ್ಟಿಯನ್ನು ಇವತ್ತು ಸಂಜೆ 5ಕ್ಕೆ ನಾನು ಕಳಿಸುತ್ತೇನೆ. ನಾಳೆ 10 ಗಂಟೆಗೆ ನಿಮ್ಮಲ್ಲಿಗೆ ಬಂದು ಡೆಬಿಟ್ ನೋಟ್ ಮಾಡುವಾಗ ಜೊತೆಗಿರುತ್ತೇನೆ. ಪೋರ್ಟಲಿನ ಲಾಗಿನ್ ಇರುವವರು ಯಾರು ಕೂರುತ್ತಾರೆ ಎಂದು ಇವತ್ತು ತಿಳಿಸಿ.”

ಹಿಂದೆ ಆದದ್ದನ್ನು ಹೇಳುವ ವಾಕ್ಯಗಳಲ್ಲಿ ಒಂದಷ್ಟು ಮೃದುತನ ಉಳಿಸಿಕೊಂಡೆ. ಮುಂದೆ ಆಗಬೇಕಾದ್ದನ್ನು ಹೇಳುವಲ್ಲಿ ಒಂದಿಷ್ಟೂ ಇಲ್ಲ. ಕಡೆಯ ವಾಕ್ಯದಲ್ಲಿ ಆಳು ಯಾರು ಅಂತ ನನಗೆ ಗೊತ್ತಿರಲಿಲ್ಲ, ಹಾಗಾಗಿ ‘ಯಾರಾದರೂ’ ಅನ್ನದೆ ಕೇಳಿಯೇಬಿಟ್ಟೆ. ಇದನ್ನು ನಾನು ಆಮೇಲೆ ಎಲ್ಲೂ ಸಡಿಲಿಸಿಲ್ಲ. ‘ಸರ್ವರ್ ರಾತ್ರಿ 11ಕ್ಕೆ ರೀಸ್ಟಾರ್ಟ್ ಆಗುತ್ತದೆ’ ಅನ್ನುವ ಮಾತಿಗೆ ಕರ್ತೃ ಬೇಡ, ಯಾರು ಮಾಡಿದರೂ ಓದುವವರಿಗೆ ಒಂದೇ. ಓದುವವರಲ್ಲಿ ಒಬ್ಬರು ಎದ್ದು ಕೆಲಸ ಮಾಡಬೇಕಾದಾಗ ಮಾತ್ರ ಹೆಸರು ಮತ್ತು ಹೊತ್ತು ಎರಡೂ ಇರಬೇಕು.

ಮಂಗಳವಾರ ಬೆಳಿಗ್ಗೆ ಹಸಿರು ಮಾರ್ಗದ ಮೆಟ್ರೋ ಹಿಡಿದು ಪೀಣ್ಯಕ್ಕೆ ಹೋದೆ. ಯಜಮಾನರು ಕಾಫಿ ತರಿಸಿ, ಕೂರಿಸಿ, ನೇರವಾಗಿ ಕೇಳಿದರು: “ಫೈಲ್ ಯಾರು ಕಳ್ಸಿದ್ದು ಮೇಡಂ?” ಮೃದುವಾದ ವಾಕ್ಯಕ್ಕೆ ಇರುವ ಮಿತಿ ಇದು, ಯಾರೂ ಕೇಳದಿರುವ ತನಕ ಮಾತ್ರ ಅದರ ಆಯುಸ್ಸು. ಕೇಳಿದ ಮೇಲೂ ‘ಬಂದಿತ್ತು ಸಾರ್’ ಅಂದರೆ ಅದು ಸುಳ್ಳಿನ ಪಕ್ಕದ ಮನೆ. “ನಿಮ್ಮ ಅಕೌಂಟ್ಸ್‌ನಿಂದ ಬಂತು ಸಾರ್, ಮೇಲ್ ಇದೆ. ಎರಡು ಫೈಲಿನ ಹೆಸರೂ ಹೆಚ್ಚುಕಡಿಮೆ ಒಂದೇ, ಯಾರಿಗಾದ್ರೂ ತಪ್ಪೋದೇ. ನಾನು ತೆರೆದು ನೋಡಿದ್ರೆ ಅಲ್ಲೇ ನಿಲ್ತಿತ್ತು” ಅಂದೆ. ಹಿರಿಯರು ಪಕ್ಕದ ಟೇಬಲ್ಲಿನಲ್ಲೇ ಇದ್ದರು. ಏನೂ ಅನ್ನಲಿಲ್ಲ. ಮಧ್ಯಾಹ್ನ ಡೆಬಿಟ್ ನೋಟಿಗೆ ಲಾಗಿನ್ ಆಗಿ ಕೂತವರು ಅವರೇ. ಕೂತಲ್ಲೇ, ನನ್ನ ಕಡೆ ನೋಡದೆ, “ಇನ್ಮೇಲೆ ಫೈಲ್ ಹೆಸರಲ್ಲಿ ತಾರೀಖು ಹಾಕ್ತೀನಿ ಬಿಡಿ” ಅಂದರು.

ಹುಡುಗಿಗೆ ನಾನು ಮೇಲ್ ಬರೆಯಲೇ ಇಲ್ಲ. ಜೊತೆಗೆ ಊಟಕ್ಕೆ ಕೂತಾಗ, ಅಪ್‌ಲೋಡ್ ಮಾಡುವ ಮೊದಲು ನಾಲ್ಕು ಐಟಂಗಳ ದರವನ್ನು ಹಳೆಯ ಪಟ್ಟಿಯ ಜೊತೆ ಹೋಲಿಸಿ ನೋಡು, ನಾಲ್ಕೂ ಒಂದೇ ಇದ್ದರೆ ನನಗೆ ಫೋನ್ ಮಾಡು ಅಂದೆ. ಅಂಥದ್ದು ಬರಹದಲ್ಲಿ ಎಷ್ಟು ಮೆತ್ತಗಿದ್ದರೂ ದಾಖಲೆ ಆಗಿಬಿಡುತ್ತದೆ.

ಕೊಂಡವರಲ್ಲಿ ಬಹುಪಾಲು ಜನ ವ್ಯತ್ಯಾಸದ ದುಡ್ಡು ಕೊಟ್ಟಿದ್ದಾರೆ. ಇಬ್ಬರದು ಬಾಕಿ ಇದೆ. ಅದರಲ್ಲಿ ಒಬ್ಬರಿಗೆ ಹಿರಿಯರು ಮೂರು ಸಲ ನೆನಪಿಸಿದ ಮೇಲೆ ಉತ್ತರ ಬಂತು, ಅದನ್ನು ನನಗೂ ಫಾರ್ವರ್ಡ್ ಮಾಡಿದ್ದಾರೆ: “ದ ಮ್ಯಾಟರ್ ಈಸ್ ಬೀಯಿಂಗ್ ಲುಕ್ಡ್ ಇನ್‌ಟು.” ಕೆಳಗೆ ಹಿರಿಯರ ಒಂದೇ ಸಾಲು: “ಮೇಡಂ, ಯಾರು ನೋಡ್ತಿದ್ದಾರಂತೆ ಕೇಳ್ಲಾ?”